ಎರಡನೇ ಚೌಕ

ನಾನು ನಿಂತಿದ್ದದ್ದು ವಿಯೆಟ್ನಾಮಿನ ಡನಾಂಗ್ ಎಂಬ ಕಡಲೂರಿನ ಒಂದು ಹೋಟೆಲಿನ ಕೆಳಮಹಡಿಯಲ್ಲಿ, ರಿಸೆಪ್ಷನ್ ಮೇಜಿನ ಎಡತುದಿಗೆ, ಮೀನಿನ ತೊಟ್ಟಿಗೆ ಬೆನ್ನು ಮಾಡಿಕೊಂಡು. ಆವತ್ತು ಭಾನುವಾರ, ಆಷಾಢಕ್ಕೆ ಮುಂಚಿನ ಕೊನೆಯ ಭಾನುವಾರ. ಗೋಡೆಯ ಗಡಿಯಾರದಲ್ಲಿ ಸಂಜೆ ಐದು. ಗುಬ್ಬಿಯಲ್ಲಿ ಆಗ ಮಧ್ಯಾಹ್ನ ಮೂರೂವರೆ. ಆ ಊರಿಗೂ ನಮ್ಮೂರಿಗೂ ನಡುವೆ ಸರಿಯಾಗಿ ಒಂದು ರಾಹುಕಾಲದಷ್ಟು ಅಂತರ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ಸಂಜೆ ನಡೆದದ್ದರ ಬಗ್ಗೆ ಗುಬ್ಬಿ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಈಗ ಬೇರೆಯೇ ಒಂದು ಕಥೆ ಓಡಾಡುತ್ತಿದೆ. ಅದನ್ನು ಓಡಾಡಿಸುತ್ತಿರುವವರು ಯಾರೆಂದು ನನಗೆ ಗೊತ್ತು, ಏಕೆಂದರೆ ಅವರ ಮೇಜು ನನ್ನ ಅಂಗಡಿಯ ಎದುರಿಗೇ ಇದೆ. ನಾನು ಕಂಡಷ್ಟನ್ನೇ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಅವರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಎಲ್ಲವನ್ನೂ ಅವರು ಬಾಯಲ್ಲಿ ಹೇಳುತ್ತಾರೆ, ನಾನು ನನ್ನ ಟೈಪಿಂಗ್ ಅಂಗಡಿಯಲ್ಲಿ ಹೊಡೆಯುತ್ತೇನೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಏನ್ಲಾ ಎನ್ನುತ್ತಾರೆ. ಅವರಿಗೆ ಒಂದು ವ್ರತವಿದೆ: ಓದಿಸಿ ಕೇಳದ ಕಾಗದಕ್ಕೆ ಯಾರ ಕೈಯಲ್ಲೂ ಸಹಿ ಹಾಕಿಸುವುದಿಲ್ಲ. ಓದು ಬಾರದ ಮುದುಕಿ ಹೆಬ್ಬೆಟ್ಟು ಒತ್ತಲು ಬಂದರೆ, ಇಡೀ ಪತ್ರವನ್ನು, ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯೂ ಸೇರಿದಂತೆ, ಗಟ್ಟಿಯಾಗಿ ಓದಿ, "ತಿಳೀತಾ ತಾಯಿ?" ಎಂದು ಕೇಳಿ, ಆಕೆ ಹೂಂ ಎಂದಮೇಲೆಯೇ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚುತ್ತಾರೆ. ಸಾಕ್ಷಿಗಳಿಬ್ಬರೂ ಅಲ್ಲೇ ನಿಂತು ನೋಡಬೇಕು. ಟೀ ಕುಡಿಯಲು ಹೋದ ಸಾಕ್ಷಿಯನ್ನು ಅವರು ಸಾಕ್ಷಿ ಎನ್ನುವುದಿಲ್ಲ.

ಶಿರಾ ಗೇಟಿನ ಟ್ರಾವೆಲ್ಸ್‌ನವನ ಮೂಲಕ ನಾವು ಒಂದು ಗುಂಪಾಗಿ ಆ ಪ್ರವಾಸಕ್ಕೆ ಹೋಗಿದ್ದೆವು. "ಸಿಮ್ಮು ಗಿಮ್ಮು ಏನೂ ಬ್ಯಾಡಿ ಸಾರ್, ಎಲ್ಲಾ ಹೋಟ್ಲಲ್ಲೂ ವೈಫೈ ಫ್ರೀ," ಎಂದಿದ್ದ ಆತ. ಅವನು ಹೇಳಿದ್ದು ಸುಳ್ಳಲ್ಲ.

ಟಿಕೆಟ್ ಆದ ಮೇಲೆ ಅಣ್ಣನ ಅಕ್ಕನ ಮಗಳಿಗೆ ಕುಣಿಗಲ್ಲಿನ ಸಂಬಂಧ ಕುದುರಿತು. ಹುಡುಗನದು ಬೀಜ, ಗೊಬ್ಬರದ ಅಂಗಡಿ. ಹುಡುಗಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಆಷಾಢ ಬರುವ ಮುಂಚೆ ತಾಂಬೂಲ ಬದಲಾಯಿಸಬೇಕೆಂದು ಕುಣಿಗಲ್ಲಿನವರು ಹಟ ಹಿಡಿದರು, ಉಳಿದದ್ದು ಆ ಒಂದೇ ಭಾನುವಾರ. ನಮ್ಮ ಕಡೆ ತಾಂಬೂಲದ ತಟ್ಟೆಗೆ ಸೋದರಮಾವನ ಒಪ್ಪಿಗೆ ಬೇಕು. ಹುಡುಗಿಗೆ ತಂದೆ ಬೇರೆ ಇಲ್ಲ. ಹುಡುಗನ ಅಜ್ಜಿ ಖಂಡಿತವಾಗಿ ಹೇಳಿಬಿಟ್ಟಿದ್ದರಂತೆ: "ಸೋದರಮಾವ ಬಾಯ್ಬಿಟ್ಟು ಹೂಂ ಅನ್ನೋಗಂಟ ನಾನು ತಟ್ಟೆ ಮುಟ್ಟಕ್ಕಿಲ್ಲ. ಫೋನಲ್ಲಾದ್ರೂ ಸರಿ, ಮುಖ ಕಾಣ್ಬೇಕು." ನಾಲ್ಕೂವರೆಗೆ ರಾಹುಕಾಲ. ಅದರೊಳಗೆ ಆಗದಿದ್ದರೆ ಕುಣಿಗಲ್ಲಿನವರು ಎದ್ದು ಹೋಗುತ್ತಾರೆ, ಆಷಾಢ ಮುಗಿಯುವವರೆಗೆ ಯಾರ ಮನಸ್ಸು ಹೇಗಿರುತ್ತದೋ ಯಾರಿಗೆ ಗೊತ್ತು.

ಆದ್ದರಿಂದ ಆ ಸಂಜೆ ಗೈಡು ಉಳಿದವರನ್ನೆಲ್ಲ ದೋಣಿ ವಿಹಾರಕ್ಕೆ ಕರೆದುಕೊಂಡು ಹೋದಾಗ ಅಣ್ಣ ಹೋಟೆಲಿನಲ್ಲೇ ಉಳಿದರು. ಅವರಿಗಾಗಿ ನಾನು ಉಳಿದೆ. ಶಿರಾ ಗೇಟಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಭಾಯ್ ಮಂಡಿ ನೋವಿನಿಂದಾಗಿ ಉಳಿದರು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ವಿಡಿಯೊದಲ್ಲಿ ಬೀಗರ ಮುಂದೆ ಕಾಣಿಸಿಕೊಳ್ಳಬೇಕಲ್ಲ ಎಂದು ರೇಷ್ಮೆ ಸೀರೆ ಉಡಲು ಮೇಲಿನ ಕೋಣೆಗೆ ಹೋಗಿದ್ದರು.

ಹೋಟೆಲಿನವರು ಕೋಣೆಗೊಂದರಂತೆ ವೈಫೈ ಚೀಟಿ ಕೊಟ್ಟಿದ್ದರು. ನನ್ನ ಕೋಣೆಯ ಚೀಟಿಯನ್ನು ನನ್ನ ಹೆಂಡತಿ ತನ್ನ ಫೋನಿಗೆ ಹಾಕಿಕೊಂಡಿದ್ದಳು. ಆ ಫೋನು ಆಗ ದೋಣಿಯಲ್ಲಿತ್ತು. ಭಾಯ್ ಹತ್ತಿರ ಇದ್ದದ್ದು ಬಟನ್ ಫೋನು. ಉಳಿದದ್ದು ಅಣ್ಣನ ಚೀಟಿ. ಅದನ್ನು ಅವರು ಮೂಲಪತ್ರದಂತೆ ಮಡಿಸಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು.

ಅಣ್ಣ ಫೋನಿನಲ್ಲಿ ಹೋಟೆಲಿನ ಹೆಸರು ಒತ್ತಿದರು. ಒಂದು ಪುಟ ತಾನಾಗಿ ತೆರೆಯಿತು. ಅಕ್ಷರಗಳೇನೋ ಇಂಗ್ಲಿಷಿನವೇ, ಆದರೆ ಒಂದೊಂದರ ತಲೆಯ ಮೇಲೂ ಟೋಪಿ, ಕೆಲವಕ್ಕೆ ಟೋಪಿಯ ಮೇಲೊಂದು ಕೊಂಬು, ಕೆಲವಕ್ಕೆ ಕಾಲಡಿ ಚುಕ್ಕೆ. ಒಂದು ಖಾನೆ ಕೋಡಿಗೆ, ಒಂದು ಈಮೇಲಿಗೆ. ಅದರ ಕೆಳಗೆ ಎರಡು ಖಾಲಿ ಚೌಕಗಳು, ಪ್ರತಿಯೊಂದರ ಮುಂದೆ ಒಂದು ಸಾಲು ಬರಹ. ಕೊನೆಯಲ್ಲಿ ಬೂದು ಬಣ್ಣದ ಒಂದು ಗುಂಡಿ. ಅದನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ.

"ಕೋಡ್ ಹಾಕ್ಲಾ," ಎಂದು ಅಣ್ಣ ಫೋನನ್ನು ನನಗೆ ಕೊಟ್ಟರು. ಭಾಯ್ ಚೀಟಿ ಹಿಡಿದು ಓದಿದರು, ನಾನು ಹೊಡೆದೆ. ಅಣ್ಣನಿಗೆ ಈಮೇಲ್ ಇಲ್ಲ. ಆ ಖಾನೆಗೆ ನನ್ನ ಅಂಗಡಿಯದನ್ನೇ ಹಾಕಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

"ಈಗ ಮೊದಲ್ನೇ ಚೌಕ ಒತ್ತಿ ಅಣ್ಣ. ಆಗ ಗುಂಡಿ ಹತ್ಕೊಳುತ್ತೆ."

"ಅದ್ರಲ್ಲಿ ಏನ್ ಬರ್ದವ್ರೆ?"

"ಷರತ್ತುಗಳಿಗೆ ಒಪ್ಪಿಗೆ ಅಂತ ಇರುತ್ತೆ. ಎಲ್ಲಾ ಕಡೆ ಹಂಗೇ."

"ಯಾವ ಷರತ್ತು?"

ಪುಟದ ಮೇಲ್ತುದಿಯಲ್ಲಿ ಮೂರು ಬಾವುಟಗಳಿದ್ದವು. ಇಂಗ್ಲಿಷಿನ ಬಾವುಟ ಒತ್ತಿದೆ. 'ಷರತ್ತುಗಳು' ಎಂಬ ತಲೆಬರಹವೊಂದೇ ಇಂಗ್ಲಿಷಾಯಿತು. ಅದರ ಮೇಲೆ ಒತ್ತಿದರೆ ತೆರೆದ ಉದ್ದನೆಯ ಬರಹ ಮತ್ತದೇ ಟೋಪಿಯ ಭಾಷೆಯಲ್ಲಿ, ಎಷ್ಟು ಜಾರಿಸಿದರೂ ಮುಗಿಯದಂತೆ ಇತ್ತು.

"ಫೋಟೋ ತೆಗುದ್ರೆ ಕನ್ನಡ ಮಾಡ್ಕೊಡುತ್ತಂತಲ್ಲ, ನನ್ನ ಮೊಮ್ಮಗಳು ಮಾಡ್ತಾಳೆ," ಎಂದರು ಭಾಯ್.

"ಅದಕ್ಕೆ ಇಂಟರ್ನೆಟ್ ಬೇಕು ಭಾಯ್."

"ಇಂಟರ್ನೆಟ್‌ಗೆ?"

"ಚೌಕ ಒತ್ಬೇಕು."

ಭಾಯ್ ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದರು. "ಭಲೇ ಬುದ್ಧಿವಂತ್ರು ಕಣ್ರೀ ಇವ್ರು," ಎಂದರು.

ಅಣ್ಣ ಫೋನನ್ನು ಮೇಜಿನ ಮೇಲೆ ಮಲಗಿಸಿದರು. "ನೋಡ್ಲಾ, ಇಷ್ಟು ವರ್ಷದಿಂದ ಜನಕ್ಕೆ ಏನ್ ಹೇಳ್ಕೊಂಡ್ ಬಂದಿದೀನಿ? ಅರ್ಥ ಆಗ್ದೇ ಇರೋದುಕ್ಕೆ ಒಪ್ಪಿದೀನಿ ಅಂತ ಗುರುತು ಹಾಕ್ಬೇಡಿ ಅಂತ. ಈಗ ನಾನೇ ಹಾಕ್ಲಾ?"

"ಅಣ್ಣ, ಇದು ಜಮೀನಲ್ಲ, ವೈಫೈ."

"ಜಮೀನಾಗಿದ್ರೆ ಚೆಕ್ಕುಬಂದಿನಾದ್ರೂ ಗೊತ್ತಾಗ್ತಿತ್ತು."

ಗಡಿಯಾರ ಐದೂಕಾಲಿನ ಹತ್ತಿರ ಬಂದಿತ್ತು. ಮೇಜಿನ ಹಿಂದಿದ್ದ ಹುಡುಗಿ, ಇಪ್ಪತ್ತರ ಆಸುಪಾಸಿನವಳು, ನಮ್ಮನ್ನು ಆರಂಭದಿಂದಲೂ ನಗುನಗುತ್ತ ನೋಡುತ್ತಿದ್ದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಓಕೆ ಮತ್ತು ನೋ ಪ್ರಾಬ್ಲಮ್‌ಗಿಂತ ಸ್ವಲ್ಪ ಮುಂದೆ. ಅಣ್ಣ ಅವಳ ಕಡೆಗೆ ಫೋನು ತಿರುಗಿಸಿ, "ರೀಡ್," ಎಂದರು. ಅವಳು "ಓಕೆ ಓಕೆ" ಎಂದು ಚೌಕ ಒತ್ತಲು ಬೆರಳು ಚಾಚಿದಳು. ಅಣ್ಣ ಫೋನನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. "ನೋ ಪ್ರೆಸ್ ತಾಯಿ. ರೀಡ್. ಲೌಡ್."

ಅವಳಿಗೆ ಅರ್ಥವಾಯಿತು. ಪಾಪ, ಎದ್ದು ನಿಂತು ಓದಿದಳು. ಆ ಭಾಷೆ ಹಾಡಿನಂತೆ ಏರಿ ಇಳಿಯುತ್ತದೆ. ಅಣ್ಣ ಸಬ್‌ರಿಜಿಸ್ಟ್ರಾರ್ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ, ಕಣ್ಣು ಮುಚ್ಚಿ, ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತ ಕೇಳಿದರು. ಸೋಫಾದಲ್ಲಿ ಕುಳಿತಿದ್ದ ಕೊರಿಯಾದವರಂತೆ ಕಂಡ ಒಂದು ಸಂಸಾರ ಪ್ರಾರ್ಥನೆಯೇನೋ ನಡೆಯುತ್ತಿದೆ ಎಂದುಕೊಂಡು ಮಾತು ನಿಲ್ಲಿಸಿತು. ಮೊದಲ ಪರದೆಯಷ್ಟು ಓದಿ ಹುಡುಗಿ ಉಸಿರು ತೆಗೆದುಕೊಂಡಳು.

"ತಿಳೀತಾ ಅಣ್ಣ?" ಎಂದೆ.

"ಓದಿದ್ದು ಕೇಳಿದೆ. ತಿಳೀಲಿಲ್ಲ."

ಅಷ್ಟರಲ್ಲಿ ಭಾಯ್ ಅವರ ತಾಳ್ಮೆ ಮುಗಿಯಿತು. "ಸ್ವಾಮಿ, ಅಲ್ಲಿ ಮಗು ತಲೇಲಿ ಮಲ್ಲಿಗೆ ಬಾಡ್ತಾ ಐತೆ. ನೀವಿಲ್ಲಿ ವಿಯೆಟ್ನಾಂ ಕಾನೂನು ಪಾಸ್ ಮಾಡ್ತಾ ಇದೀರ."

ಈ ಮಾತು ಅಣ್ಣನಿಗೆ ನಾಟಿತು. ಅವರು ಎರಡನೇ ಚೌಕವನ್ನು ತೋರಿಸಿ ಹುಡುಗಿಯನ್ನು ಹುಬ್ಬಿನಲ್ಲೇ ಕೇಳಿದರು. ಅವಳು ಗಾಳಿಯಲ್ಲಿ ಒಂದು ಲಕೋಟೆ ಬರೆದು, "ಈಮೇಲ್, ಮೆನಿ ಮೆನಿ," ಎಂದು, ಬೇಕಿಲ್ಲ ಎಂಬಂತೆ ಕೈ ಆಡಿಸಿದಳು. ಜಾಹೀರಾತಿನ ಚೌಕ ಅದು, ಬಿಟ್ಟರೂ ನಡೆಯುತ್ತದೆ.

"ಸರಿ. ಎರಡ್ನೇದು ಯಾವ ಕಾರಣಕ್ಕೂ ಇಲ್ಲ. ಮೊದಲ್ನೇದು ಮಾತ್ರ," ಎಂದು ಅಣ್ಣ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು. ನಾನು ಎಡಕ್ಕೆ, ಭಾಯ್ ಬಲಕ್ಕೆ. ಗಂಟಲು ಸರಿಮಾಡಿಕೊಂಡು ಹೇಳಿದರು: "ಸದರಿ ಷರತ್ತುಗಳನ್ನು ಓದಿಸಿ ಕೇಳಿರುತ್ತೇನೆ. ಭಾಷೆ ತಿಳಿಯದ ಕಾರಣ ಅರ್ಥವಾಗಿರುವುದಿಲ್ಲ. ಸೋದರ ಸೊಸೆಯ ಶುಭಕಾರ್ಯದ ನಿಮಿತ್ತ, ಆ ಕಾರ್ಯಕ್ಕೆ ಮಾತ್ರ ಒಪ್ಪಿರುತ್ತೇನೆ." ಅನಂತರ ಬಲಗೈಯನ್ನು ಹಿಂದಕ್ಕೆ ಇಟ್ಟುಕೊಂಡು, ಎಡಗೈ ಹೆಬ್ಬೆರಳನ್ನು ಅಂಗಿಗೆ ಒರೆಸಿ, ಚೌಕದ ಮೇಲೆ ಒತ್ತಿದರು. ಓದಲು ಬಾರದವರು ಒತ್ತುವ ಬೆರಳು ಅದು. ಆ ಭಾಷೆಯ ಮಟ್ಟಿಗೆ ತಾವು ನಿರಕ್ಷರಿ ಎಂಬುದನ್ನು ಅವರು ನಿಯತ್ತಾಗಿ ಒಪ್ಪಿಕೊಂಡರು. ಚೌಕದಲ್ಲಿ ಗುರುತು ಮೂಡಿತು. ಬೂದು ಗುಂಡಿ ನೀಲಿಯಾಯಿತು. ಅದನ್ನು ಒತ್ತಿದರು.

ಪುಟದ ನಡುವೆ ಕೆಂಪು ಅಕ್ಷರದ ಒಂದು ಸಾಲು ಬಂತು.

ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂದು ನಾನು ಕೋಡನ್ನು ಎರಡು ರೀತಿಯಲ್ಲಿ ಹೊಡೆದು ನೋಡಿದೆ. ಮತ್ತೆ ಕೆಂಪು. ಹುಡುಗಿ ಬಗ್ಗಿ ನೋಡಿ, ಒಂದು ಬೆರಳು ಎತ್ತಿದಳು. ಚೀಟಿ ತೋರಿಸಿ ಒಂದು, ಫೋನು ತೋರಿಸಿ ಒಂದು. ಒಂದು ಕೋಡಿಗೆ ಒಂದೇ ಫೋನು. ಈ ಕೋಡನ್ನು ಯಾವುದೋ ಫೋನು ಆಗಲೇ ಬಳಸಿಕೊಂಡಿದೆ.

"ಯಾರು?" ಎಂದರು ಅಣ್ಣ. ಖೋಟಾ ಸಹಿ ಕಂಡವರ ದನಿ.

ಲಿಫ್ಟಿನ ಬಾಗಿಲು ತೆರೆಯಿತು. ಅತ್ತಿಗೆ ಹಸಿರು ರೇಷ್ಮೆ ಉಟ್ಟು ಹೊರಬಂದರು. ಅವರ ಕೈಯ ಫೋನಿನಲ್ಲಿ ಒಂದು ಧಾರಾವಾಹಿಯ ಅತ್ತೆ ಕನ್ನಡದಲ್ಲಿ ಸೊಸೆಗೆ ಬಯ್ಯುತ್ತಿದ್ದರು.

ಅತ್ತಿಗೆ ನಮ್ಮ ಮುಖಗಳನ್ನು ನೋಡಿ ಧಾರಾವಾಹಿ ನಿಲ್ಲಿಸಿದರು.

"ನೀನು ಹಾಕ್ಕೊಂಡಿದ್ಯಾ?"

"ಹೂಂ. ನಿನ್ನೆ ಸಂಜೆ ಬಂದಿಳಿದ ತಕ್ಷಣ. ನೀವು ಸ್ನಾನಕ್ಕೆ ಹೋಗಿದ್ರಲ್ಲ, ಜೇಬಿಂದ ಚೀಟಿ ತಗೊಂಡು ಹಾಕಿ ಮತ್ತೆ ಅಲ್ಲೇ ಇಟ್ಟೆ."

"ಷರತ್ತು ಓದಿದ್ಯಾ?"

"ಒಂದು ಚೌಕ ಇತ್ತು, ಒತ್ತಿದೆ. ನಿಮ್ಗೆ ಹೇಳಿದ್ರೆ ಹೋಗಿ ಸ್ಟಾಂಪ್ ಪೇಪರ್ ತತ್ತಿದ್ರಿ. ನನ್ ಸೀರಿಯಲ್ ತಪ್ಪಿಹೋಗ್ತಿತ್ತು."

ಭಾಯ್ ನಗು ತಡೆಯಲಾಗದೆ ಮೀನಿನ ತೊಟ್ಟಿಯ ಕಡೆ ತಿರುಗಿಕೊಂಡರು. ಅವರ ಭುಜಗಳು ಮಾತ್ರ ಅಲುಗುತ್ತಿದ್ದವು. ಅಣ್ಣ ಏನೋ ಹೇಳಲು ಬಾಯಿ ತೆರೆದರು. ಅತ್ತಿಗೆ ಅಷ್ಟರಲ್ಲಿ ಗುಬ್ಬಿಗೆ ವಿಡಿಯೊ ಕರೆ ಮಾಡಿ ಫೋನನ್ನು ಅವರ ಮುಖದ ಮುಂದೆ ಹಿಡಿದಾಗಿತ್ತು.

ಗುಬ್ಬಿಯ ಮನೆಯ ನಡುಮನೆ ಕಂಡಿತು. ಚಾಪೆ, ತಟ್ಟೆಗಳಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಒಂದು ಕಡೆ ಅಣ್ಣನ ಅಕ್ಕ ಮತ್ತು ಹುಡುಗಿ. ಇನ್ನೊಂದು ಕಡೆ ಹುಡುಗನ ತಂದೆ, ಗೋಡೆಗೆ ಒರಗಿದ ಅಜ್ಜಿ. ಹುಡುಗ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದ.

"ಎಲ್ಲೋಗಿದ್ಯೋ, ನಿನ್ ಮುಖ ನೋಡಕ್ಕೆ ಎಷ್ಟೊತ್ತು ಕಾಯಾದು!" ಎಂದರು ಅಕ್ಕ.

"ಕಾಗದ ಪತ್ರದ ಕೆಲ್ಸ ಇತ್ತಕ್ಕ," ಎಂದರು ಅಣ್ಣ.

ಅಜ್ಜಿ ಮುಂದೆ ಬಗ್ಗಿ ಪರದೆಯನ್ನು ದಿಟ್ಟಿಸಿದರು. "ಇವ್ನೇನಾ ಸೋದರಮಾವ? ಹೂಂ ಅನ್ನಪ್ಪ, ಹೊತ್ತಾಯ್ತು."

ಆಗ ಅಣ್ಣ ಹೂಂ ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅವರ ತಲೆಯಲ್ಲಿ ಇನ್ನೂ ಆ ಚೌಕವೇ ಕುಳಿತಿತ್ತು. "ಹೂಂ ಅನ್ನೋಕ್ ಮುಂಚೆ ಒಂದ್ ಮಾತು," ಎಂದರು. "ಎರಡು ಕಡೇದೂ ಷರತ್ತು ಏನಾದ್ರೂ ಇದ್ರೆ ಈಗ್ಲೇ ಗಟ್ಟಿಯಾಗಿ ಹೇಳ್ಬಿಡಿ. ಆಮೇಲೆ ತಿಳೀಲಿಲ್ಲ ಅನ್ಬಾರ್ದು."

ಹುಡುಗನ ತಂದೆ ನಕ್ಕರು. "ಷರತ್ತೆಂಥದು ಬುಡಿ ಯಜಮಾನ್ರೇ. ನಮ್ದೇನೂ ಇಲ್ಲ. ಮಗು ಕೆಲ್ಸ ಬಿಟ್ಟು ಮನೇಲಿ ಆರಾಮಾಗಿ ಇರ್ಲಿ, ಅಂಗಡಿ ಕಡೆ ಒಂಚೂರು ನೋಡ್ಕೊಂಡ್ರೆ ಆಯ್ತು."

ಅಣ್ಣನ ಹುಬ್ಬು ಮೇಲೇರಿತು. ಏನೂ ಇಲ್ಲ ಎಂದ ವಾಕ್ಯದ ಬೆನ್ನಿಗೇ ಒಂದು ಷರತ್ತು ಬಂದು ಕೂತದ್ದನ್ನು ಅವರು ಗುರುತಿಸದೆ ಇರುತ್ತಾರೆಯೇ? "ನೀನೇನಂತೀಯ ಮಗಾ?" ಎಂದು ಸೊಸೆಯನ್ನು ಕೇಳಿದರು.

ಅಲ್ಲಿಯವರೆಗೆ ತಲೆ ಬಗ್ಗಿಸಿದ್ದ ಹುಡುಗಿ ನೇರವಾಗಿ ನೋಡಿದಳು. "ಮಾವ, ನಾನು ಕೆಲ್ಸ ಬಿಡಲ್ಲ. ಕುಣಿಗಲ್‌ನಿಂದ ಬಸ್ಸಲ್ಲಿ ಓಡಾಡ್ತೀನಿ. ಇದುನ್ನ ಯಾರೂ ನನ್ನ ಕೇಳೇ ಇಲ್ಲ."

ನಡುಮನೆ ನಿಶ್ಶಬ್ದವಾಯಿತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಹುಡುಗನ ತಂದೆಯ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು. ಅಜ್ಜಿಯ ಕೈ ತಟ್ಟೆಯ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಅಣ್ಣ ಕಾದರು. ನಾವೂ ಕಾದೆವು. ಯಾರೂ ಅಲುಗಲಿಲ್ಲ. ಹುಡುಗಿ ಎಂಥ ಪೆಟ್ಟು ಕೊಟ್ಟಳಪ್ಪ ಎಂದುಕೊಂಡೆ.

"ಫ್ಯಾನು ನಿಂತೋಗಿದೆ," ಎಂದರು ಭಾಯ್.

ನಿಜ. ಅವರ ತಲೆಯ ಮೇಲಿನ ಫ್ಯಾನಿನ ರೆಕ್ಕೆಗಳೂ ನಿಂತಿದ್ದವು. ನಿಂತದ್ದು ಬೀಗರಲ್ಲ, ಚಿತ್ರ. ಮರುಕ್ಷಣ ಚಿತ್ರವೂ ಹೋಗಿ, ಅತ್ತಿಗೆಯ ಫೋನಿನಲ್ಲಿ ಟೋಪಿ ಅಕ್ಷರಗಳ ಅದೇ ಪುಟ ತೆರೆದುಕೊಂಡಿತು. ಖಾಲಿ ಖಾನೆಗಳು, ಎರಡು ಖಾಲಿ ಚೌಕಗಳು, ಬೂದು ಗುಂಡಿ.

ಚೀಟಿಯ ಕೆಳತುದಿಯಲ್ಲಿ ಇಪ್ಪತ್ನಾಲ್ಕು ಎಂಬ ಅಂಕಿ ಇತ್ತು. ಅದನ್ನು ನಾನು ಆಗ ಗಮನಿಸಿದೆ. ಮೊದಲ ಬಾರಿ ಹಾಕಿದ ಗಳಿಗೆಯಿಂದ ಅಷ್ಟು ಗಂಟೆ ಮಾತ್ರ ಕೋಡಿಗೆ ಆಯುಸ್ಸು. ಹಿಂದಿನ ಸಂಜೆ ಅಣ್ಣ ಸ್ನಾನಕ್ಕೆ ಹೋದಾಗ ಅತ್ತಿಗೆ ಹಾಕಿದ್ದರು. ಆ ಅವಧಿ ಈಗ ತೀರಿತ್ತು.

ಮೇಜಿನ ಹುಡುಗಿಗೆ ನಾವು ಏನೂ ಹೇಳಬೇಕಾಗಲಿಲ್ಲ. ನಮ್ಮ ಮುಖ ನೋಡಿಯೇ ಪಕ್ಕದ ಪುಟ್ಟ ಪ್ರಿಂಟರಿನಿಂದ ಹೊಸ ಚೀಟಿ ಹರಿದು ಕೊಟ್ಟಳು. ಭಾಯ್ ಓದಿದರು, ನಾನು ಹೊಡೆದೆ, ಈಮೇಲಿನ ಖಾನೆಗೆ ಅಭ್ಯಾಸಬಲದಿಂದ ಮತ್ತೆ ಅಂಗಡಿಯದನ್ನೇ ಹಾಕಿದೆ. ಇನ್ನು ಚೌಕ.

ನಾನು ಭಾಯ್ ಪಕ್ಕಕ್ಕೆ ಸರಿದು ನಿಂತೆ. ಸಾಕ್ಷಿ ನಿಲ್ಲುವ ಜಾಗ ಅದು. ಮೇಜಿನ ಹುಡುಗಿಯೂ ಓದಲು ಎದ್ದು ನಿಂತಳು.

ಈಗ ನಾನು ಹೇಳುವುದನ್ನು ನನ್ನ ಕಣ್ಣಾರೆ, ಒಂದು ಮೊಳ ದೂರದಿಂದ, ಬೆಳಕು ಚೆನ್ನಾಗಿರುವಾಗ ಕಂಡಿದ್ದೇನೆ. ಅಣ್ಣ ಅತ್ತಿಗೆಯ ಕೈಯಿಂದ ಫೋನು ಕಿತ್ತುಕೊಂಡರು. ಯಾರನ್ನೂ ಕೇಳಲಿಲ್ಲ, ಯಾವುದನ್ನೂ ಓದಿಸಲಿಲ್ಲ. ಬಲಗೈಯ ತೋರುಬೆರಳಿನಿಂದ ಮೊದಲನೇ ಚೌಕ ಒತ್ತಿದರು. ಅದೇ ಉಸಿರಿನಲ್ಲಿ ಎರಡನೇ ಚೌಕವನ್ನೂ ಒತ್ತಿದರು. ಗುಂಡಿ ನೀಲಿಯಾಗುವಷ್ಟರಲ್ಲಿ ಅದನ್ನೂ ಗುದ್ದಿದರು. ಮೂರೂ ಸೇರಿ ಒಂದು ಕೆಮ್ಮಿನಷ್ಟು ಹೊತ್ತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಗುಬ್ಬಿಯ ಅರ್ಧ ಊರಿಗೆ 'ಓದ್ದೇ ಒತ್ಬೇಡಿ' ಎಂದು ಬುದ್ಧಿ ಹೇಳಿದ ಬೆರಳು ಅದು.

ಕರೆ ಮತ್ತೆ ಸಿಕ್ಕಿತು. ಫ್ಯಾನು ತಿರುಗುತ್ತಿತ್ತು. ಹುಡುಗನ ತಂದೆ ಚಾಪೆಯ ಮೇಲೆ ಮುಂದಕ್ಕೆ ಸರಿದು, ಬಹುತೇಕ ಪರದೆಯ ಒಳಗೇ ಬಂದಿದ್ದರು.

"ಯಜಮಾನ್ರೇ, ಹಂಗೆಲ್ಲಾ ಕೋಪ ಮಾಡ್ಕೊಂಡು ಫೋನ್ ಇಡ್ಬೇಡಿ," ಎಂದರು. "ಬಾಯಿ ತಪ್ಪಿ ಅಂದ್ಬುಟ್ಟೆ. ಮಗು ಕೆಲ್ಸಕ್ಕೆ ಹೋಗ್ಲಿ, ನಾವು ಬ್ಯಾಡ ಅನ್ನಕ್ಕಿಲ್ಲ."

ಅವರ ಹಿಂದಿನಿಂದ ಅಜ್ಜಿಯ ದನಿ: "ನೋಡ್ದಾ? ನಾನು ಆಗ್ಲೇ ಯೋಳ್ದೆ. ಸೋದರಮಾವ ಮುಖ ತಿರುಗ್ಸ್‌ಕೊಂಡು ಎದ್ದೋದ್ನಲ್ಲೋ, ಹೋಗು ಸಮಾಧಾನ ಮಾಡು ಅಂತ." ಹುಡುಗ ಮೊದಲ ಸಲ ಬಾಯಿ ತೆರೆದು, "ಬಸ್ ಸ್ಟ್ಯಾಂಡ್‌ಗೆ ನಾನೇ ಬಿಡ್ತೀನಿ," ಎಂದ. ಹುಡುಗಿ ತುಟಿ ಕಚ್ಚಿಕೊಂಡಳು.

ನಾನು ಅಣ್ಣನನ್ನು ನೋಡಿದೆ. ಅತ್ತಿಗೆ ನೋಡಿದರು. ಭಾಯ್ ನೋಡಿದರು. ಕೋಡಿನ ಅವಧಿ ತೀರಿತು ಎಂದು ಹೇಳಲು ಅವರಿಗೆ ಬೇಕಾದಷ್ಟು ಸಮಯವಿತ್ತು. ಅವರು ಗಂಟಲು ಸರಿಮಾಡಿಕೊಂಡರು. ಮುಖವನ್ನು ಬಿಗಿ ಮಾಡಿಕೊಂಡರು.

"ಇನ್ಮೇಲೆ ಈ ಮಾತು ಬದ್ಲಾಗ್ಬಾರ್ದು," ಎಂದರು.

"ಇಲ್ಲ, ಇಲ್ಲ."

"ಎಲ್ಲಾ ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡೋ."

"ಹಂಗಾದ್ರೆ ಹೂಂ. ಕೊಡಕ್ಕ ತಟ್ಟೆ."

ತಟ್ಟೆಗಳು ಆ ಕೈಯಿಂದ ಈ ಕೈಗೆ ಹೋದವು. ಗಡಿಯಾರದಲ್ಲಿ ಇನ್ನೂ ಆರಾಗಿರಲಿಲ್ಲ, ರಾಹುಕಾಲಕ್ಕೆ ಹೊತ್ತಿತ್ತು. ಮೇಜಿನ ಹುಡುಗಿ ಏನೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದಳು, ಸೋಫಾದವರೂ ತಟ್ಟಿದರು.

ಅಣ್ಣನ ಅಕ್ಕನ ಮಗಳು ಈಗಲೂ ಅಂತರಸನಹಳ್ಳಿಗೆ ಕೆಲಸಕ್ಕೆ ಹೋಗುತ್ತಾಳೆ. ಗಂಡ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಟ್ಟು ಅಂಗಡಿ ತೆಗೆಯುತ್ತಾನೆ. ನಿಜ ಏನೆಂದು ಕುಣಿಗಲ್ಲಿನವರಿಗೆ ಮದುವೆಯ ಚಪ್ಪರದಲ್ಲೇ ಅತ್ತಿಗೆ ಹೇಳಿಬಿಟ್ಟರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದ್ದರಿಂದ ಇದನ್ನು ಬರೆಯುವುದರಿಂದ ಯಾರ ಸಂಸಾರಕ್ಕೂ ತೊಂದರೆ ಇಲ್ಲ.

ಒಪ್ಪದೆ ಇರುವವರು ಅಣ್ಣ ಒಬ್ಬರೇ. ಕರೆಯನ್ನು ತಾವೇ, ಸಮಯ ನೋಡಿ, ಬೇಕೆಂದೇ ಕತ್ತರಿಸಿದೆ ಎಂದು ಜಗಲಿಯಲ್ಲಿ ಹೇಳುತ್ತಾರೆ. "ಅಂಥ ಜಾಗದಲ್ಲಿ ಫೋನ್ ಇಟ್ರೇನೇ ಬೆಲೆ ಕಣ್ಲಾ," ಎನ್ನುತ್ತಾರೆ. ಚೌಕದ ಮಾತು ಎತ್ತಿದರೆ, ಎರಡನೇ ಸಲವೂ ಓದಿಸಿ ಕೇಳಿ, ಎಡ ಹೆಬ್ಬೆಟ್ಟನ್ನೇ, ಮೊದಲನೇ ಚೌಕಕ್ಕೆ ಮಾತ್ರ ಒತ್ತಿದ್ದು ಎನ್ನುತ್ತಾರೆ.

ಎರಡನೇ ಚೌಕದ ಪುರಾವೆ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿದೆ. ಆ ಹೋಟೆಲಿನವರು ಇವತ್ತಿಗೂ ನನಗೆ ಟೋಪಿ ಅಕ್ಷರಗಳಲ್ಲಿ ಹಬ್ಬದ ಶುಭಾಶಯ, ಕೋಣೆಯ ರಿಯಾಯಿತಿ, ಏಡಿ ಊಟದ ಚಿತ್ರ ಕಳಿಸುತ್ತಲೇ ಇದ್ದಾರೆ. ಮೊನ್ನೆ ಒಂದು ಕ್ರಯಪತ್ರ ಹೊಡೆಯುವಾಗ ಒಂದು ಬಂತು. ಎದುರಿಗೇ ಇದ್ದ ಅಣ್ಣನಿಗೆ ಪರದೆ ತಿರುಗಿಸಿ ತೋರಿಸಿದೆ. "ಓದಿ ಹೇಳ್ಲಾ, ಏನಂತೆ?" ಎಂದು ಕೇಳಿ, ಕನ್ನಡಕ ತೆಗೆದು ಒರೆಸತೊಡಗಿದರು.

ಆ ಸಂಜೆಯನ್ನು ಪರದೆಯ ಆಚೆಯಿಂದ ಕಂಡ ಕುಣಿಗಲ್ಲಿನ ಅಜ್ಜಿ ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅವರು ಅಣ್ಣನ ಕೋಪವನ್ನೇ ನಂಬಿದ್ದರಂತೆ. ಮೇಜಿನ ಈಚೆ ನಿಂತು, ಬೆರಳು ಯಾವುದು, ಚೌಕ ಎಷ್ಟು ಎಂಬುದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನೂ ಇರುವವರು: ಶಿರಾ ಗೇಟಿನ ಟೈರ್ ಅಂಗಡಿಯ ಭಾಯ್, ಮಂಡಿ ಈಗ ಸ್ವಲ್ಪ ವಾಸಿ, ಡನಾಂಗಿನ ಆ ಹುಡುಗಿ, ಎಲ್ಲಿದ್ದರೂ ಚೆನ್ನಾಗಿರಲಿ, ಮತ್ತು ಗುಬ್ಬಿಯ ಮನೆಯಲ್ಲಿ, ಧಾರಾವಾಹಿ ಮುಗಿದ ಮೇಲೆ ಯಾರು ಕೇಳಿದರೂ ಹೇಳಲು ಸಿದ್ಧವಿರುವ ಅತ್ತಿಗೆ.